ಹೊಸ ಪಾರ್ಟಿಗೆ 60 ದಿನ ಉದ್ರಿ ಕೊಡಬಹುದಾ? ಕರೆಂಟ್ ರೇಶಿಯೊ ಚೆನ್ನಾಗಿದೆ, ಕ್ವಿಕ್ ರೇಶಿಯೊ ಇಳಿದಿದೆ

ಪೀಣ್ಯ ಲೇತ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್. ಮೂರು ಸಿಎನ್‌ಸಿ ಮಷೀನು, ಎಂಟು ಜನ ಕೆಲಸದವರು. ಕೃಷಿ ಪಂಪ್‌ಸೆಟ್ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಶಾಫ್ಟ್ ಮತ್ತು ಬುಷ್ ಆರ್ಡರ್ ಬಂದಿದೆ. ತಿಂಗಳಿಗೆ ಸುಮಾರು 6 ಲಕ್ಷದ ಮಾಲು. ಅವರು ಕೇಳುತ್ತಿರುವುದು 60 ದಿನದ ಉದ್ರಿ. ಅಂದರೆ ಯಾವಾಗ ನೋಡಿದರೂ ನನ್ನ 12 ಲಕ್ಷ ಅವರ ಹತ್ತಿರ ಇರುತ್ತದೆ. ಸ್ವಲ್ಪ ತಡವಾದರೆ 18.

ಮೂರು ವರ್ಷದ ಹಿಂದೆ ಒಬ್ಬ ಗಿರಾಕಿ 7 ಲಕ್ಷ ಉಳಿಸಿಕೊಂಡು ಬಾಗಿಲು ಹಾಕಿದ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಅದಕ್ಕೇ ಈ ಸಲ ಎಂಸಿಎ ಪೋರ್ಟಲ್‌ನಲ್ಲಿ ಫೀಸು ಕಟ್ಟಿ ಅವರ ಬ್ಯಾಲೆನ್ಸ್ ಶೀಟ್ ತೆಗೆದೆ. ಮಾರ್ಚ್ 31ರ ಲೆಕ್ಕ, ಲಕ್ಷಗಳಲ್ಲಿ ಹಾಕುತ್ತಿದ್ದೇನೆ.

ಒಂದು ವರ್ಷದೊಳಗೆ ದುಡ್ಡಾಗಬೇಕಾದ ಆಸ್ತಿ: ಸ್ಟಾಕ್ 410. ಗಿರಾಕಿಗಳಿಂದ ಬರಬೇಕಾದ ಬಾಕಿ 260. ಕ್ಯಾಶ್ ಮತ್ತು ಬ್ಯಾಂಕ್ 22. ಬ್ಯಾಂಕ್ ಡೆಪಾಸಿಟ್ 30. ಇತರೆ 48. ಒಟ್ಟು 770.

ಒಂದು ವರ್ಷದೊಳಗೆ ಕೊಡಬೇಕಾದ್ದು: ಬ್ಯಾಂಕ್ ಸಾಲ 240 (ಇದರಲ್ಲಿ ಕ್ಯಾಶ್ ಕ್ರೆಡಿಟ್ ಅಂದರೆ ಸಿಸಿ 190, ಟರ್ಮ್ ಲೋನಿನ ಮುಂದಿನ ಒಂದು ವರ್ಷದ ಕಂತು 50). ಸಪ್ಲೈಯರ್‌ಗಳಿಗೆ 175. ಇತರೆ 45. ಪ್ರಾವಿಷನ್ 15. ಒಟ್ಟು 475.

770ನ್ನು 475ರಿಂದ ಭಾಗಿಸಿದರೆ ಕರೆಂಟ್ ರೇಶಿಯೊ 1.62 ಬಂತು. ಹಿಂದಿನ ವರ್ಷ 1.50 ಇತ್ತು. ಏರಿದೆ. ಖುಷಿಯಾಯಿತು. ಆಮೇಲೆ ಸ್ಟಾಕ್ ಬಿಟ್ಟು ಲೆಕ್ಕ ಹಾಕಿದೆ. ಕ್ವಿಕ್ ರೇಶಿಯೊ 0.76. ಹಿಂದಿನ ವರ್ಷ 0.88. ಇಳಿದಿದೆ.

ಒಂದು ಏರಿದೆ, ಇನ್ನೊಂದು ಇಳಿದಿದೆ. ನಾನು ಯಾವುದನ್ನು ನಂಬಬೇಕು?

ಬಿಕಾಂ ಹುಡುಗ

ಅಣ್ಣ, ನಮ್ಮ ಪಾಠದ ಪ್ರಕಾರ ಕರೆಂಟ್ ರೇಶಿಯೊ 2 ಇರಬೇಕು, ಕ್ವಿಕ್ ರೇಶಿಯೊ 1 ಇರಬೇಕು. ಈ ಕಂಪನಿ ಎರಡರಲ್ಲೂ ಫೇಲ್. ಹಾಗಾಗಿ ಉದ್ರಿ ಬೇಡ. ಇಷ್ಟೇ ಅಲ್ವಾ?

ಶೇರು ನೋಟ

ಈ ಕಂಪನಿ ಲಿಸ್ಟ್ ಆಗಿದೆಯಾ? ಪಂಪ್ ಕಂಪನಿಗಳಿಗೆ ಸೋಲಾರ್ ಯೋಜನೆಯಿಂದ ಒಳ್ಳೆಯ ಕಾಲ ಇದೆ. ರೇಶಿಯೊ ಏರುತ್ತಿದೆ ಅಂದರೆ ಈಗ ತಗೊಂಡು ಎರಡು ಮೂರು ವರ್ಷ ಇಟ್ಟುಕೊಳ್ಳಬಹುದು ಅನ್ನಿಸುತ್ತದೆ.

ಪೀಣ್ಯ ಲೇತ್

ಇಲ್ಲ ಸರ್, ಲಿಸ್ಟ್ ಆಗಿಲ್ಲ. ನಾನು ಶೇರು ಕೊಳ್ಳುತ್ತಿಲ್ಲ. ಮಾಲು ಕಳಿಸಿದ ಮೇಲೆ ನನ್ನ ದುಡ್ಡು 60 ದಿನದಲ್ಲಿ ವಾಪಸ್ ಬರುತ್ತಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಹಳೇ ಕ್ರೆಡಿಟ್ ಆಫೀಸರ್

ನಾನು ಬ್ಯಾಂಕಿನಲ್ಲಿ 31 ವರ್ಷ ಇದ್ದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಮಯ ಇಂಥ ಬ್ಯಾಲೆನ್ಸ್ ಶೀಟ್ ನೋಡುತ್ತಲೇ ಕಳೆದೆ. ಪೀಣ್ಯದವರೇ, ನೀವು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದು ತುಂಬ ಒಳ್ಳೆಯದಾಯಿತು. ಎರಡೂ ನಿಜವನ್ನೇ ಹೇಳುತ್ತಿವೆ. ಒಂದು ಏರಿ ಇನ್ನೊಂದು ಇಳಿದಿದೆ ಅನ್ನುವುದೇ ಇಲ್ಲಿ ಮುಖ್ಯ ಸುದ್ದಿ.

ಮೊದಲು ಆ 2 ಅನ್ನುವ ಅಂಕಿಯ ವಿಷಯ. ತಮ್ಮಾ, ನಮ್ಮ ದೇಶದಲ್ಲಿ ಬ್ಯಾಂಕುಗಳು ಬಹಳ ವರ್ಷದಿಂದ 1.33 ನೋಡಿಕೊಂಡು ಬಂದಿವೆ. ಎಪ್ಪತ್ತರ ದಶಕದ ಟಂಡನ್ ಸಮಿತಿಯ ಎರಡನೇ ವಿಧಾನದಿಂದ ಬಂದದ್ದು ಅದು. ಸ್ಟಾಕ್, ಬಾಕಿ ಎಲ್ಲ ಸೇರಿ 100 ರೂಪಾಯಿ ಇದ್ದರೆ ಅದರಲ್ಲಿ 25 ರೂಪಾಯಿಯನ್ನಾದರೂ ಮಾಲೀಕ ತನ್ನ ಬಂಡವಾಳದಿಂದ ಅಥವಾ ದೀರ್ಘಾವಧಿ ಹಣದಿಂದ ತರಬೇಕು. ಉಳಿದ 75 ಬ್ಯಾಂಕ್ ಮತ್ತು ಸಪ್ಲೈಯರ್‌ಗಳದ್ದು. 100 ಭಾಗಿಸು 75, ಅದೇ 1.33. ಹಾಗಾಗಿ 1.62 ನೋಡಿ ಯಾವ ಬ್ಯಾಂಕೂ ಫೇಲ್ ಅನ್ನುವುದಿಲ್ಲ. ಆದರೆ ಒಳಗೆ ಇಣುಕಿ ನೋಡುತ್ತದೆ.

ಪೀಣ್ಯದವರೇ, ಮೂರು ಅಂಕಿ ಬೇಕು. ವರ್ಷದ ಮಾರಾಟ ಎಷ್ಟು? ಮಾರಿದ ಮಾಲಿನ ವೆಚ್ಚ ಎಷ್ಟು? ಹಿಂದಿನ ವರ್ಷದ ಸ್ಟಾಕ್ ಎಷ್ಟಿತ್ತು? ಜೊತೆಗೆ ನೋಟ್ಸ್‌ನಲ್ಲಿ ಬಾಕಿಗಳ ವಯಸ್ಸಿನ ಪಟ್ಟಿ ಇರುತ್ತದೆ. 2021ರಲ್ಲಿ ಕಂಪನಿ ಕಾಯ್ದೆಯ ಶೆಡ್ಯೂಲ್ 3 ತಿದ್ದುಪಡಿ ಆದ ಮೇಲೆ ಅದನ್ನು ಕೊಡಲೇಬೇಕು. ಅದನ್ನೂ ಹಾಕಿ.

ಪೀಣ್ಯ ಲೇತ್

ಹುಡುಕಿದೆ ಸರ್. ಮಾರಾಟ 1,180. ಮಾರಿದ ಮಾಲಿನ ವೆಚ್ಚ 900. ಹಿಂದಿನ ವರ್ಷದ ಸ್ಟಾಕ್ 250, ಮಾರಾಟ ಹೆಚ್ಚುಕಡಿಮೆ ಇಷ್ಟೇ, ವೆಚ್ಚ 880. ಈ ವರ್ಷದ ಖರೀದಿ 700.

ಬಾಕಿ ಪಟ್ಟಿ: 6 ತಿಂಗಳೊಳಗೆ 160. 6 ತಿಂಗಳಿಂದ ಒಂದು ವರ್ಷ 34. ಒಂದರಿಂದ ಎರಡು ವರ್ಷ 41. ಎರಡರಿಂದ ಮೂರು ವರ್ಷ 14. ಮೂರು ವರ್ಷ ದಾಟಿದ್ದು 11.

ಸ್ಟಾಕಿನಲ್ಲಿ ಕಚ್ಚಾ ಮಾಲು 95, ಅರ್ಧ ಆಗಿರುವುದು 60, ತಯಾರಾದ ಪಂಪು 255.

ಹಳೇ ಕ್ರೆಡಿಟ್ ಆಫೀಸರ್

ಈಗ ಚಿತ್ರ ಕಾಣುತ್ತಿದೆ. ನಿಧಾನವಾಗಿ ನೋಡೋಣ.

ಹಿಂದಿನ ವರ್ಷ 250 ಲಕ್ಷದ ಸ್ಟಾಕ್, 880 ಲಕ್ಷದ ವೆಚ್ಚ. 250ನ್ನು 880ರಿಂದ ಭಾಗಿಸಿ 365ರಿಂದ ಗುಣಿಸಿ. 104 ದಿನದ ಮಾಲು ಗೋಡೌನಿನಲ್ಲಿತ್ತು. ಈ ವರ್ಷ 410ನ್ನು 900ರಿಂದ ಭಾಗಿಸಿದರೆ 166 ದಿನ. ಮಾರಾಟ ಏರಿಲ್ಲ. ಮಾಲು ಮಾತ್ರ ಎರಡು ತಿಂಗಳಷ್ಟು ಜಾಸ್ತಿ ಕೂತಿದೆ. ಅದರಲ್ಲಿ ದೊಡ್ಡ ಪಾಲು ತಯಾರಾದ ಪಂಪುಗಳದ್ದೇ.

ಕರೆಂಟ್ ರೇಶಿಯೊ ಏರಿದ್ದು ಇದೇ ಕಾರಣಕ್ಕೆ. ಮೇಲಿನ ಮೊತ್ತಕ್ಕೆ 160 ಲಕ್ಷದ ಸ್ಟಾಕ್ ಸೇರಿತು. ಕೆಳಗಿನ ಮೊತ್ತ 400ರಿಂದ 475ಕ್ಕೆ ಹೋಯಿತು, ಬರೀ 75 ಜಾಸ್ತಿ. ಭಾಗಿಸಿದರೆ ಅಂಕಿ ದೊಡ್ಡದಾಗಲೇಬೇಕು. ಮಾರಾಟವಾಗದ ಪಂಪೂ ಕರೆಂಟ್ ಆಸ್ತಿಯೇ. ನಾಳೆ ಮಾರಾಟವಾಗುವ ಪಂಪೂ ಕರೆಂಟ್ ಆಸ್ತಿಯೇ. ಆ ರೇಶಿಯೊಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ.

ವ್ಯಾಪಾರ ಕೆಡುತ್ತಿರುವಾಗಲೇ ಕರೆಂಟ್ ರೇಶಿಯೊ ಏರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾಲು ಹೋಗುತ್ತಿಲ್ಲ, ಸ್ಟಾಕ್ ಏರುತ್ತದೆ. ಬಾಕಿ ವಸೂಲಾಗುತ್ತಿಲ್ಲ, ಆ ಸಾಲೂ ಏರುತ್ತದೆ. ಎರಡೂ ಭಾಗಾಕಾರದ ಮೇಲುಗಡೆ ಕೂರುತ್ತವೆ.

ಕ್ವಿಕ್ ರೇಶಿಯೊ ಸ್ಟಾಕನ್ನು ತೆಗೆದುಹಾಕುತ್ತದೆ. ಅದಕ್ಕೇ ಅದು ಇಳಿಯಿತು. ಆದರೆ ನಿಮ್ಮ 0.76 ಕೂಡ ಸ್ವಲ್ಪ ಉದಾರವಾಗಿದೆ. ಆ "ಇತರೆ 48" ಏನು ನೋಡಿದಿರಾ?

ಪೀಣ್ಯ ಲೇತ್

ಜಿಎಸ್‌ಟಿ ಇನ್‌ಪುಟ್ 31, ಸಪ್ಲೈಯರ್‌ಗಳಿಗೆ ಕೊಟ್ಟ ಅಡ್ವಾನ್ಸ್ 12, ಮುಂಚೆಯೇ ಕಟ್ಟಿದ ಇನ್ಶೂರೆನ್ಸ್ ಇತ್ಯಾದಿ 5. ಡೆಪಾಸಿಟ್ 30ರ ಕೆಳಗೆ "ಬ್ಯಾಂಕ್ ಗ್ಯಾರಂಟಿಗೆ ಮಾರ್ಜಿನ್" ಅಂತ ಬರೆದಿದ್ದಾರೆ.

ಹಳೇ ಕ್ರೆಡಿಟ್ ಆಫೀಸರ್

ಹಾಗಾದರೆ ಆ 48ರಿಂದ ನಿಮ್ಮ ಬಿಲ್ಲು ಕಟ್ಟಲು ಆಗುವುದಿಲ್ಲ. ಜಿಎಸ್‌ಟಿ ಇನ್‌ಪುಟ್ ಮುಂದಿನ ತೆರಿಗೆಗೆ ಹೊಂದಾಣಿಕೆ ಆಗುತ್ತದೆ, ಕೈಗೆ ಬರುವುದಿಲ್ಲ. ಅಡ್ವಾನ್ಸ್ ಮಾಲಾಗಿ ಬರುತ್ತದೆ. ಇನ್ಶೂರೆನ್ಸ್ ದುಡ್ಡು ಆಗಲೇ ಹೋಗಿದೆ. ಮಾರ್ಜಿನ್ ಡೆಪಾಸಿಟ್ಟನ್ನು ಗ್ಯಾರಂಟಿ ಮುಗಿಯುವವರೆಗೆ ಬ್ಯಾಂಕ್ ಬಿಡುವುದಿಲ್ಲ.

ಇವೆಲ್ಲ ತೆಗೆದರೆ ಉಳಿಯುವುದು 260 ಬಾಕಿ, 22 ಕ್ಯಾಶ್. ಒಟ್ಟು 282. 475ರಿಂದ ಭಾಗಿಸಿದರೆ 0.59.

ಬಾಕಿಯಲ್ಲೂ ಆರು ತಿಂಗಳು ದಾಟಿದ್ದು ಸರಿಯಾಗಿ 100 ಲಕ್ಷ ಇದೆ. ಬ್ಯಾಂಕಿನಲ್ಲಿ ಸಿಸಿ ಲಿಮಿಟ್‌ಗೆ ಡ್ರಾಯಿಂಗ್ ಪವರ್, ಅಂದರೆ ಸ್ಟಾಕ್ ಮತ್ತು ಬಾಕಿಯ ಮೇಲೆ ಎಷ್ಟು ದುಡ್ಡು ತೆಗೆಯಲು ಬಿಡಬಹುದು ಅನ್ನುವ ಲೆಕ್ಕ ಹಾಕುವಾಗ ನಾವು ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನೇ ಬಿಡುತ್ತಿದ್ದೆವು. ನೀವು ಆರು ತಿಂಗಳು ದಾಟಿದ್ದನ್ನಷ್ಟೇ ಬಿಡಿ. ಉಳಿಯುವುದು 182. ರೇಶಿಯೊ 0.38.

1.62ರಿಂದ 0.38. ಕಂಪನಿ ಅದೇ, ತಾರೀಕೂ ಅದೇ. ಪ್ರತಿ ಸಾಲಿನ ಮುಂದೆ "ಇದು ಯಾವಾಗ ದುಡ್ಡಾಗುತ್ತದೆ" ಅಂತ ಕೇಳಿದ್ದರಿಂದ ಆದ ವ್ಯತ್ಯಾಸ ಇದು.

ಹುಬ್ಬಳ್ಳಿ ಆಡಿಟರ್

ಸರ್ ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಭಿನ್ನಾಭಿಪ್ರಾಯ. ಮೇಲಿನ ಸಾಲುಗಳನ್ನು ಇಷ್ಟು ಕಟ್ಟುನಿಟ್ಟಾಗಿ ಜರಡಿ ಹಿಡಿದಿರಿ. ಕೆಳಗಿನ 475ನ್ನು ಹಾಗೇ ಬಿಟ್ಟಿರಿ. ಅದರಲ್ಲಿ 190 ಸಿಸಿ. ಕಾಗದದ ಮೇಲೆ ಅದು ಕೇಳಿದಾಗ ಕಟ್ಟಬೇಕಾದ ಸಾಲ, ನಿಜ. ಆದರೆ ಪ್ರತಿ ವರ್ಷ ರಿನ್ಯೂ ಆಗುತ್ತದೆ. 60 ದಿನದೊಳಗೆ ಯಾರೂ ಅದನ್ನು ತೀರಿಸುವುದಿಲ್ಲ. ಟರ್ಮ್ ಲೋನ್ ಕಂತು 50 ಕೂಡ 12 ತಿಂಗಳಲ್ಲಿ ಹಂಚಿಕೊಂಡಿರುತ್ತದೆ. ಎರಡು ತಿಂಗಳಿಗೆ ಎಂಟೊಂಬತ್ತು ಲಕ್ಷ.

ಸಪ್ಲೈಯರ್ ಕಣ್ಣಿನಿಂದ ನೋಡುವಾಗ ಸಿಸಿಯನ್ನು ಬಿಟ್ಟು ನೋಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. 182ನ್ನು 285ರಿಂದ ಭಾಗಿಸಿದರೆ 0.64. ಚೆನ್ನಾಗಿದೆ ಅನ್ನುತ್ತಿಲ್ಲ. ಆದರೆ 0.38 ಜನರನ್ನು ಸುಮ್ನೆ ಹೆದರಿಸುತ್ತದೆ.

ಹಳೇ ಕ್ರೆಡಿಟ್ ಆಫೀಸರ್

ಆಡಿಟರ್ ಸಾಹೇಬರೇ, ಸಿಸಿ ಆರೋಗ್ಯವಾಗಿದ್ದಾಗ ನಿಮ್ಮ ಮಾತು ಸರಿ. ಆದರೆ ಈ ಸ್ಟಾಕ್ ನೋಡಿ. ಸಿಸಿ ನಿಂತಿರುವುದೇ ಸ್ಟಾಕ್ ಮತ್ತು ಬಾಕಿಯ ಮೇಲೆ. ಬ್ಯಾಂಕಿನವರು ಸ್ಟಾಕ್ ಆಡಿಟ್‌ಗೆ ಬಂದು, ಮಾರಾಟವಾಗದ ಪಂಪುಗಳನ್ನು ಲೆಕ್ಕದಿಂದ ತೆಗೆದರೆ ಡ್ರಾಯಿಂಗ್ ಪವರ್ ಕುಸಿಯುತ್ತದೆ. ಆಗ ಬ್ಯಾಂಕ್ "ಹೆಚ್ಚುವರಿ ಬಳಸಿದ್ದನ್ನು ಕಟ್ಟಿ" ಅನ್ನುತ್ತದೆ. ಗಿರಾಕಿಯಿಂದ ಬಂದ ದುಡ್ಡು ಆ ಖಾತೆಗೆ ಬೀಳುತ್ತದೆ, ಅಲ್ಲೇ ಉಳಿಯುತ್ತದೆ. ಸಪ್ಲೈಯರ್ ಚೆಕ್ಕು ವಾಪಸ್ ಬರುತ್ತದೆ. ಕಷ್ಟ ಬಂದಾಗಲೇ ಸಿಸಿ ನಿಜವಾದ ಅಲ್ಪಾವಧಿ ಸಾಲ ಆಗುತ್ತದೆ. ನಮಗೆ ಈ ರೇಶಿಯೊ ಬೇಕಾಗುವುದೂ ಆ ದಿನಕ್ಕೇ.

ಹುಬ್ಬಳ್ಳಿ ಆಡಿಟರ್

ಆ ಅಪಾಯ ಇದೆ, ಒಪ್ಪಿದೆ. ಆದರೂ ಲಿಮಿಟ್ ಎಷ್ಟು, ಅದರಲ್ಲಿ ಎಷ್ಟು ಬಳಸಿದ್ದಾರೆ ಅಂತ ಗೊತ್ತಿಲ್ಲದೆ ಪೂರ್ತಿ 190ನ್ನು ನಾಳೆಯೇ ಕಟ್ಟಬೇಕು ಅನ್ನುವ ಹಾಗೆ ಲೆಕ್ಕ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಲಿಮಿಟ್ 300 ಇದ್ದರೆ ಇನ್ನೂ 110 ಉಸಿರಾಡಲು ಜಾಗ ಇದೆ. 200 ಇದ್ದರೆ ಕತ್ತಿನವರೆಗೆ ಬಂದಿದೆ. ಎರಡೂ ಸಂದರ್ಭದಲ್ಲಿ ರೇಶಿಯೊ ಒಂದೇ ಬರುತ್ತದೆ.

ಸೀಡ್ಸ್ ಅಂಗಡಿ, ರಾಣೆಬೆನ್ನೂರು

ನಂದೂ ಇದೇ ಕಥೆ ರೀ. ಬೀಜ, ಗೊಬ್ಬರ, ಔಷಧಿ ಅಂಗಡಿ. ಹೋದ ವರ್ಷ ನನ್ನ ಕರೆಂಟ್ ರೇಶಿಯೊ 2.4 ಇತ್ತು. ನಮ್ಮ ಆಡಿಟರ್ ಭಾಳ ಛಲೋ ಐತಿ ಅಂದರು. ಲಿಮಿಟ್ ಹೆಚ್ಚು ಮಾಡಿ ಅಂತ ಬ್ಯಾಂಕಿಗೆ ಹೋದರೆ ಆಗಲ್ಲ ಅಂದರು. ನನಗೆ ಭಾಳ ಬ್ಯಾಸರ ಆತು. 2.4 ಇದ್ದವನಿಗೆ ಕೊಡಲ್ಲ ಅಂದರೆ ಯಾರಿಗೆ ಕೊಡ್ತೀರಿ ಅಂತ ಕೇಳಿ ಬಂದೆ.

ಈಗ ಇದನ್ನು ಓದಿ ಲೆಕ್ಕ ತೆಗೆದು ನೋಡಿದೆ. ರೈತರ ಕಡೆ ಬಾಕಿ 38 ಲಕ್ಷ. ಅದರಾಗ 21 ಲಕ್ಷ ಎರಡು ಹಂಗಾಮು ದಾಟಿದ್ದು. ಮಳೆ ಕೈಕೊಟ್ಟ ವರ್ಷದ್ದು. ಅವರೆಲ್ಲ ನಮ್ಮವರೇ, ಒಂದಿನ ಕೊಡ್ತಾರ. ಆದರ ಮುಂದಿನ ತಿಂಗಳು ಕಂಪನಿಗೆ ಕಟ್ಟೋ ಬಿಲ್ಲಿಗೆ ಆ ದುಡ್ಡು ಬರಂಗಿಲ್ಲ. ಬೀಜಕ್ಕೂ ಅವಧಿ ಇರ್ತದ. ಅವಧಿ ಮುಗಿದ ಪಾಕೀಟು 3 ಲಕ್ಷದ್ದು ಇನ್ನೂ ಸ್ಟಾಕಿನಾಗ ಬರೆದಿತ್ತು.

ಹಳೇ ಕ್ರೆಡಿಟ್ ಆಫೀಸರ್

ರಾಣೆಬೆನ್ನೂರಿನವರೇ, ಆ 21 ಲಕ್ಷವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ, ವಸೂಲಿ ಬಿಡಬೇಡಿ. ಆದರೆ ಬಿಲ್ಲು ಕಟ್ಟುವ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ಅವಧಿ ಮುಗಿದ ಬೀಜವನ್ನು ಈ ವರ್ಷವೇ ನಷ್ಟ ಅಂತ ತೆಗೆದುಬಿಡಿ. ರೇಶಿಯೊ ಇಳಿಯುತ್ತದೆ, ಇಳಿಯಲಿ. ಮುಂದಿನ ಸಲ ಬ್ಯಾಂಕಿನವರ ಮುಂದೆ ಕೂತಾಗ ನಿಮ್ಮ ಅಂಕಿಯನ್ನು ಅವರು ನಂಬುತ್ತಾರೆ.

ಮೈಸೂರು ಪ್ರಾವಿಷನ್

ಒಂದು ಮಾತು ಸೇರಿಸಲಾ? ನಮ್ಮದು ಮೈಸೂರಿನಲ್ಲಿ ಪ್ರಾವಿಷನ್ ಸ್ಟೋರ್, ನಾನೂ ನಮ್ಮ ಯಜಮಾನರೂ ನೋಡಿಕೊಳ್ಳುತ್ತೇವೆ. ನಮ್ಮ ಕರೆಂಟ್ ರೇಶಿಯೊ ಯಾವತ್ತೂ 1 ದಾಟಿಲ್ಲ. ಕ್ವಿಕ್ ರೇಶಿಯೊ 0.2 ಆಸುಪಾಸು. ಆದರೂ 14 ವರ್ಷದಲ್ಲಿ ಒಂದು ಸಪ್ಲೈಯರ್ ಬಿಲ್ಲೂ ತಡವಾಗಿಲ್ಲ. ಗಿರಾಕಿ ಅವತ್ತೇ ದುಡ್ಡು ಕೊಡುತ್ತಾರೆ. ಎಣ್ಣೆ, ಸೋಪು, ಬಿಸ್ಕತ್ತು ಹತ್ತು ಹನ್ನೆರಡು ದಿನದಲ್ಲಿ ಖಾಲಿ. ಡಿಸ್ಟ್ರಿಬ್ಯೂಟರ್‌ಗೆ ಕೊಡುವುದು 21 ದಿನಕ್ಕೆ. ಅಷ್ಟರಲ್ಲಿ ಅದೇ ದುಡ್ಡು ಇನ್ನೊಂದು ಸುತ್ತು ಹಾಕಿರುತ್ತದೆ. ಹಾಗಾಗಿ ರೇಶಿಯೊ ಕಮ್ಮಿ ಇದ್ದರೆ ಕೆಟ್ಟದ್ದು ಅಂತ ಹೇಳಬೇಡಿ.

ಹುಬ್ಬಳ್ಳಿ ಆಡಿಟರ್

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ದೊಡ್ಡವರಲ್ಲೂ ಇದೇ ಇದೆ. ವಾಲ್‌ಮಾರ್ಟ್ ಕಂಪನಿಯ 2024ರ ಜನವರಿ ಕೊನೆಯ ಲೆಕ್ಕ ತೆಗೆದುಕೊಳ್ಳಿ. ಕರೆಂಟ್ ಆಸ್ತಿ ಸುಮಾರು 7,700 ಕೋಟಿ ಡಾಲರ್. ಒಂದು ವರ್ಷದೊಳಗೆ ಕೊಡಬೇಕಾದ್ದು ಸುಮಾರು 9,200 ಕೋಟಿ ಡಾಲರ್. ರೇಶಿಯೊ 0.83. ಆಸ್ತಿಯಲ್ಲಿ ಸುಮಾರು 5,500 ಕೋಟಿ ಡಾಲರ್ ಬರೀ ಸ್ಟಾಕು. ಅದನ್ನು ತೆಗೆದರೆ 0.24. ಆದರೆ ಅವರ ಸ್ಟಾಕ್ ಒಂದೂವರೆ ತಿಂಗಳೊಳಗೆ ಮಾರಾಟ ಆಗಿ ಕ್ಯಾಶ್ ಆಗುತ್ತದೆ. ಅವರಿಗೆ ಮಾಲು ಕಳಿಸುವವರು ಯಾರೂ ಈ 0.24 ನೋಡಿ ಹೆದರುವುದಿಲ್ಲ.

ಪಂಪ್ ಕಂಪನಿಗೆ ಆ ಸೌಲಭ್ಯ ಇಲ್ಲ. ಮಾಲು 166 ದಿನ ಕೂರುತ್ತದೆ. ಆಮೇಲೆ ಡೀಲರ್ ಅಥವಾ ಸರ್ಕಾರಿ ಇಲಾಖೆ ಉದ್ರಿ ಹೇಳುತ್ತದೆ. ಅದಕ್ಕೇ ಒಂದೇ ಧಂದೆಯವರ ಜೊತೆ ಹೋಲಿಸಬೇಕು. ಅದಕ್ಕಿಂತ ಒಳ್ಳೆಯದು, ಅದೇ ಕಂಪನಿಯ ಹಿಂದಿನ ವರ್ಷದ ಜೊತೆ ಹೋಲಿಸುವುದು.

ಬಿಕಾಂ ಹುಡುಗ

ಸರ್, ಒಂದು ಡೌಟ್. ಮಾರ್ಚ್ ಕೊನೆಯಲ್ಲಿ ಕಂಪನಿಗಳು ಲೆಕ್ಕ ಚೆಂದ ಮಾಡಿ ತೋರಿಸುತ್ತವೆ ಅಂತ ಕೇಳಿದ್ದೇನೆ. ಹಾಗಾದರೆ ಅವರು ಬಿಲ್ಲು ಕಟ್ಟುವುದನ್ನು ಏಪ್ರಿಲ್‌ಗೆ ಮುಂದೂಡಿ ಕ್ಯಾಶ್ ಇಟ್ಟುಕೊಳ್ಳುತ್ತಾರೆ, ಅಲ್ವಾ? ಕ್ಯಾಶ್ ಜಾಸ್ತಿ ಇದ್ದಷ್ಟೂ ರೇಶಿಯೊ ಜಾಸ್ತಿ.

ಹುಬ್ಬಳ್ಳಿ ಆಡಿಟರ್

ಇಲ್ಲಿ ಹೆಚ್ಚಿನವರು ಎಡವುತ್ತಾರೆ ತಮ್ಮಾ. ಲೆಕ್ಕ ಹಾಕಿ ನೋಡು. ಮೇಲೆ 200, ಕೆಳಗೆ 150. ರೇಶಿಯೊ 1.33. ಈಗ 50 ರೂಪಾಯಿ ಬಿಲ್ಲು ಕಟ್ಟು. ಕ್ಯಾಶ್ 50 ಹೋಯಿತು, ಬಾಕಿಯೂ 50 ಹೋಯಿತು. ಮೇಲೆ 150, ಕೆಳಗೆ 100. ರೇಶಿಯೊ 1.50 ಆಯಿತು. ಕಂಪನಿಗೆ ಒಂದು ರೂಪಾಯಿಯೂ ಸೇರಲಿಲ್ಲ.

ರೇಶಿಯೊ 1ಕ್ಕಿಂತ ಮೇಲಿದ್ದರೆ ಬಿಲ್ಲು ಕಟ್ಟಿದಷ್ಟೂ ಅದು ಏರುತ್ತದೆ. 1ಕ್ಕಿಂತ ಕೆಳಗಿದ್ದರೆ ನೀನು ಹೇಳಿದ್ದು ಸರಿ, ಕಟ್ಟಿದರೆ ಇಳಿಯುತ್ತದೆ. ಮೇಲೆ 80, ಕೆಳಗೆ 100 ಇದ್ದಾಗ 50 ಕಟ್ಟಿ ನೋಡು. 30 ಭಾಗಿಸು 50. 0.8 ಇದ್ದದ್ದು 0.6ಕ್ಕೆ ಬಿತ್ತು.

ಈ ಪಂಪ್ ಕಂಪನಿಯ ಕರೆಂಟ್ ರೇಶಿಯೊ 1ಕ್ಕಿಂತ ಮೇಲೆ, ಕ್ವಿಕ್ ಕೆಳಗೆ. ಮಾರ್ಚ್ 31ಕ್ಕೆ ಸಪ್ಲೈಯರ್‌ಗಳಿಗೆ ದುಡ್ಡು ಕೊಟ್ಟರೆ ಒಂದು ಏರುತ್ತದೆ, ಒಂದು ಇಳಿಯುತ್ತದೆ. ಹಾಗಾಗಿ ಎರಡರ ನಡುವಿನ ಅಂತರದಲ್ಲಿ ಸ್ವಲ್ಪ ಪಾಲು ಇದರದ್ದೂ ಇರಬಹುದು ಅಂತ ನಾನು ಅನುಮಾನಿಸುತ್ತೇನೆ. 2023–24ರ ಲೆಕ್ಕದ ವರ್ಷದಿಂದ ಆದಾಯ ತೆರಿಗೆಯಲ್ಲಿ ಒಂದು ಕಟ್ಟುಪಾಡು ಬಂದಿದೆಯಲ್ಲ. ಮೈಕ್ರೊ ಮತ್ತು ಸ್ಮಾಲ್ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚು ಸಿಗುತ್ತದೆ. ನನ್ನ ಕ್ಲೈಂಟ್‌ಗಳೇ ಮಾರ್ಚ್ ಕೊನೆಯ ವಾರದಲ್ಲಿ ಹಳೇ ಸಣ್ಣ ಬಿಲ್ಲುಗಳನ್ನೆಲ್ಲ ತೀರಿಸುತ್ತಾರೆ. ಮಾರ್ಚ್ 31ರ ಆ ಒಂದು ಸಂಜೆ ಸಪ್ಲೈಯರ್ ಬಾಕಿ ವರ್ಷದಲ್ಲೇ ಕಮ್ಮಿ ಇರುತ್ತದೆ.

ಪೀಣ್ಯ ಲೇತ್

ಹಾಗಾದರೆ ನನ್ನದು ಉದ್ಯಮ್ ರಿಜಿಸ್ಟ್ರೇಷನ್ ಇದೆ. 60 ದಿನ ಅನ್ನುವ ಮಾತೇ ಬರಬಾರದು ಅಲ್ವಾ? ಕಾನೂನಿನಲ್ಲಿ 45 ಅಂತ ಇದ್ದರೆ?

ಹುಬ್ಬಳ್ಳಿ ಆಡಿಟರ್

ಹೌದು. ಒಪ್ಪಂದದಲ್ಲಿ 60 ಬರೆದರೂ ಕಾನೂನು ಒಪ್ಪುವುದು 45 ಮಾತ್ರ. ತಡವಾದರೆ ಬಡ್ಡಿಯನ್ನೂ ಕೇಳಬಹುದು. ಇದನ್ನು ಅವರ ಪರ್ಚೇಸ್ ಮ್ಯಾನೇಜರ್‌ಗೆ ಮೊದಲ ದಿನವೇ ಹೇಳಿ. ಆದರೆ ಕಾನೂನು ಹಕ್ಕು ಕೊಡುತ್ತದೆ, ಅವರ ಖಾತೆಗೆ ದುಡ್ಡು ತುಂಬುವುದಿಲ್ಲ. ಬ್ಯಾಲೆನ್ಸ್ ಶೀಟ್ ನೋಡುವ ಕೆಲಸ ತಪ್ಪುವುದಿಲ್ಲ.

ಹಳೇ ಕ್ರೆಡಿಟ್ ಆಫೀಸರ್

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರೋಣ. ರೇಶಿಯೊ ಎಂಬುದು ಒಂದು ದಿನದ ಫೋಟೊ. ನಿಮಗೆ ಬೇಕಾದ್ದು ತಿಂಗಳ ಲೆಕ್ಕ. ನಿಮ್ಮ ಅಂಕಿಗಳಿಂದಲೇ ಅಂದಾಜು ಮಾಡಿದ್ದೇನೆ.

ಮಾರಾಟ 1,180. ತಿಂಗಳಿಗೆ 98 ಲಕ್ಷ ಒಳಗೆ ಬರಬೇಕು, ಎಲ್ಲರೂ ಸರಿಯಾಗಿ ಕೊಟ್ಟರೆ. ಖರೀದಿ 700, ತಿಂಗಳಿಗೆ 58. ಇನ್ನು ಕಾರ್ಖಾನೆಯ ಕೂಲಿ, ಕರೆಂಟು. ಶುರುವಿನ ಸ್ಟಾಕ್ 250, ಕೊನೆಯ ಸ್ಟಾಕ್ 410, ಮಾರಿದ್ದರ ವೆಚ್ಚ 900. ಹಾಗಾದರೆ ವರ್ಷದಲ್ಲಿ 1,060 ಲಕ್ಷದ ಮಾಲು ತಯಾರಾಗಿದೆ. ಅದರಲ್ಲಿ ಖರೀದಿ 700 ಕಳೆದರೆ 360 ಉಳಿಯಿತು. ತಿಂಗಳಿಗೆ 30. ಆಫೀಸು, ಸಾಗಾಣಿಕೆ, ಮಾರಾಟದ ಖರ್ಚು ತಿಂಗಳಿಗೆ 17 ಅಂತ ಇಟ್ಟುಕೊಳ್ಳಿ. ಟರ್ಮ್ ಲೋನ್ ಕಂತು 4, ಬಡ್ಡಿ 3. ಒಟ್ಟು 112.

ಬರುವುದು 98, ಹೋಗುವುದು 112. ತಿಂಗಳಿಗೆ 14 ಲಕ್ಷ ಕಮ್ಮಿ. ವರ್ಷಕ್ಕೆ 168. ಈ ದುಡ್ಡು ಎಲ್ಲಿಂದ ಬಂತು? ಹಿಂದಿನ ವರ್ಷದ ಕಾಲಮ್ಮಿನಲ್ಲಿ ಸಿಸಿ, ಸಪ್ಲೈಯರ್ ಬಾಕಿ, ಕ್ಯಾಶ್ ಎಷ್ಟಿತ್ತು ನೋಡಿ. ದೀರ್ಘಾವಧಿ ಸಾಲವನ್ನೂ ನೋಡಿ.

ಪೀಣ್ಯ ಲೇತ್

ಸಿಸಿ 160 ಇತ್ತು, ಈಗ 190. ಸಪ್ಲೈಯರ್ ಬಾಕಿ 130 ಇತ್ತು, ಈಗ 175. ಕ್ಯಾಶ್ 40 ಇತ್ತು, ಈಗ 22. ದೀರ್ಘಾವಧಿ ಸಾಲದಲ್ಲಿ "ಡೈರೆಕ್ಟರ್‌ಗಳಿಂದ ಅನ್‌ಸೆಕ್ಯೂರ್ಡ್ ಲೋನ್" ಅಂತ 80 ಹೊಸದಾಗಿ ಬಂದಿದೆ.

ಹಳೇ ಕ್ರೆಡಿಟ್ ಆಫೀಸರ್

ಕೂಡಿಸಿ. 30, 45, 18, 80. ಒಟ್ಟು 173. ನನ್ನ ಅಂದಾಜು 168. ಹೆಚ್ಚುಕಡಿಮೆ ಕೂಡಿತು.

ಅಂದರೆ ಗೋಡೌನಿನಲ್ಲಿ ಕೂತ ಪಂಪುಗಳಿಗೆ ದುಡ್ಡು ಕೊಟ್ಟವರು ಮೂರು ಜನ. ಬ್ಯಾಂಕು, ಮಾಲೀಕರ ಮನೆಯವರು, ಮತ್ತು ಸಪ್ಲೈಯರ್‌ಗಳು. ಡೈರೆಕ್ಟರ್ ಸಾಲವನ್ನು ದೀರ್ಘಾವಧಿ ಅಂತ ತೋರಿಸಿದ್ದರಿಂದ ಕರೆಂಟ್ ರೇಶಿಯೊದ ಕೆಳಗಿನ ಮೊತ್ತಕ್ಕೆ ಆ 80 ಬರಲಿಲ್ಲ. ಬಂದಿದ್ದರೆ 770 ಭಾಗಿಸು 555, ಅಂದರೆ 1.39. ಏರಿಕೆ ಅಲ್ಲ, ಇಳಿಕೆ ಕಾಣುತ್ತಿತ್ತು. ಮಾಲೀಕರು ಸ್ವಂತ ದುಡ್ಡು ಹಾಕಿದ್ದಾರೆ ಅನ್ನುವುದು ಒಳ್ಳೆಯ ಲಕ್ಷಣವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದೇ, ಬ್ಯಾಂಕ್ ಅದನ್ನು ಅಲ್ಲೇ ಬಿಡಬೇಕು ಅಂತ ಬರೆಸಿಕೊಂಡಿದೆಯೇ, ಅದು ತಿಳಿಯಬೇಕು.

ಕೊನೆಗೆ ನಿಮ್ಮ ಸರದಿ ಯಾವಾಗ? ಸಪ್ಲೈಯರ್ ಬಾಕಿ 175ನ್ನು ಖರೀದಿ 700ರಿಂದ ಭಾಗಿಸಿ 365ರಿಂದ ಗುಣಿಸಿ. 91 ದಿನ. ನಿಮಗೆ 60 ಅನ್ನುತ್ತಿದ್ದಾರೆ. ಈಗ ಇರುವ ಸಪ್ಲೈಯರ್‌ಗಳಿಗೆ ಸರಾಸರಿ ಮೂರು ತಿಂಗಳಿಗೆ ಕೊಡುತ್ತಿದ್ದಾರೆ. ಅದೂ ಮಾರ್ಚ್ 31ರ ಲೆಕ್ಕದಲ್ಲಿ.

ಮೈಸೂರು ಪ್ರಾವಿಷನ್

ಸರ್, ಒಂದು ಅನುಮಾನ. ಪಂಪು ಬೇಸಿಗೆಯಲ್ಲಿ ಮಾರಾಟ ಆಗುವ ಮಾಲು ಅಲ್ವಾ? ಏಪ್ರಿಲ್, ಮೇಗೆ ಅಂತ ಮಾರ್ಚ್‌ನಲ್ಲಿ ತುಂಬಿಸಿಟ್ಟಿರಬಹುದು. ನಾವು ಯುಗಾದಿಗೆ ಮುಂಚೆ ಬೇಳೆ, ಬೆಲ್ಲ ತುಂಬಿಸಿಡುವ ಹಾಗೆ. ಆ ದಿನ ಯಾರಾದರೂ ಲೆಕ್ಕ ಹಾಕಿದರೆ ನಮ್ಮ ಸ್ಟಾಕೂ ಭಾರೀ ಕಾಣುತ್ತದೆ.

ಹಳೇ ಕ್ರೆಡಿಟ್ ಆಫೀಸರ್

ತುಂಬ ಒಳ್ಳೆಯ ಪ್ರಶ್ನೆ ತಾಯಿ. ಋತುಮಾನದ ಧಂದೆ ಆದರೆ ಹಿಂದಿನ ಮಾರ್ಚ್ 31ರಲ್ಲೂ ಅದೇ ಋತು ಇತ್ತು. ಆಗ 104 ದಿನ, ಈಗ 166. ಆದ್ದರಿಂದ ಬೇಸಿಗೆ ಒಂದೇ ಪೂರ್ತಿ ಕಾರಣ ಅಲ್ಲ. ಆದರೆ ದೊಡ್ಡ ಸರ್ಕಾರಿ ಟೆಂಡರ್ ಸಿಕ್ಕಿ ಅದಕ್ಕೆ ಮಾಡಿಟ್ಟಿದ್ದರೂ ಇರಬಹುದು. ಬ್ಯಾಂಕ್ ಗ್ಯಾರಂಟಿ ಇದೆ ಅನ್ನುವುದು ಆ ಕಡೆ ಬೊಟ್ಟು ಮಾಡುತ್ತದೆ. ಕಾಗದ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಪೀಣ್ಯದವರೇ, ಒಂದು ಸಲ ಅವರ ಕಾರ್ಖಾನೆಗೆ ಹೋಗಿ ಬನ್ನಿ. ಡ್ರಾಯಿಂಗ್ ಚರ್ಚೆ ಮಾಡಬೇಕು ಅನ್ನಿ. ಗೋಡೌನ್ ಕಡೆ ಕಣ್ಣು ಹಾಯಿಸಿ. ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಮೇಲಿನ ಚಾರ್ಜ್ ಪಟ್ಟಿಯನ್ನೂ ನೋಡಿ. ಸ್ಟಾಕು, ಬಾಕಿ ಎರಡೂ ಬ್ಯಾಂಕಿಗೆ ಅಡಮಾನ ಆಗಿದ್ದರೆ, ಕೆಟ್ಟ ದಿನ ಬಂದಾಗ ಅವು ನಿಮಗಿಂತ ಮೊದಲು ಬ್ಯಾಂಕಿಗೆ ಸೇರುತ್ತವೆ.

ಪೀಣ್ಯ ಲೇತ್

*(ಆರು ದಿನದ ನಂತರ)*

ಹೋಗಿ ಬಂದೆ. ಕ್ವಾಲಿಟಿ ವಿಭಾಗದ ಹುಡುಗ ಶಾಫ್ಟ್ ಅಳತೆ ತೋರಿಸಲು ಸ್ಟೋರ್ ಒಳಗೇ ಕರೆದುಕೊಂಡು ಹೋದ. ಮುಂದಿನ ಸಾಲಿನ ಪೆಟ್ಟಿಗೆಗಳು ಹೊಸವು, ಟೇಪು ಹೊಳೆಯುತ್ತಿತ್ತು. ಹಿಂದಿನ ಮೂರು ಸಾಲು ಸೂರಿನ ತನಕ ಇತ್ತು. ಕೆಳಗಿನ ಪೆಟ್ಟಿಗೆಗಳು ಭಾರಕ್ಕೆ ಹೊಟ್ಟೆ ಬಿಟ್ಟಿದ್ದವು. ಕಿಟಕಿ ಪಕ್ಕದವುಗಳ ಬಣ್ಣ ಬಿಸಿಲಿಗೆ ಬಿಳಚಿಕೊಂಡಿತ್ತು. ಲೇಬಲ್ ಓದಿದೆ. ಪ್ಯಾಕಿಂಗ್ ತಿಂಗಳು ಹೋದ ವರ್ಷದ ಜುಲೈ. ಆಗಸ್ಟಿನದ್ದೂ ಇತ್ತು. ಅಂದರೆ ಈ ಬೇಸಿಗೆ ಪೂರ್ತಿ ಕಳೆದರೂ ಆ ಪೆಟ್ಟಿಗೆಗಳು ಹೊರಗೆ ಹೋಗಿಲ್ಲ.

ಆ ಹುಡುಗನನ್ನು ಕೇಳಿದೆ. ಅವು ಹಳೇ ಮಾಡೆಲ್, ಸ್ಟಾರ್ ರೇಟಿಂಗ್ ಕಮ್ಮಿ, ಡೀಲರ್‌ಗಳು ಹೊಸದನ್ನೇ ಕೇಳುತ್ತಿದ್ದಾರೆ ಅಂದ. ಎಷ್ಟು ಇವೆ ಅಂತ ಅವನಿಗೂ ಗೊತ್ತಿಲ್ಲ.

ಚಾರ್ಜ್ ಪಟ್ಟಿ ನೋಡಿದೆ. ಸ್ಟಾಕು, ಬಾಕಿ ಎರಡರ ಮೇಲೂ ಬ್ಯಾಂಕ್ ಹಕ್ಕು ಇದೆ. ಸಿಸಿ ಲಿಮಿಟ್ 200 ಅಂತ ಅದರ ಕಾಗದದಲ್ಲಿತ್ತು.

ಹುಬ್ಬಳ್ಳಿ ಆಡಿಟರ್

ಲಿಮಿಟ್ 200, ಬಳಸಿದ್ದು 190. ಹಾಗಾದರೆ ಸಿಸಿ ವಿಷಯದಲ್ಲಿ ನಾನು ಹಿಂದೆ ಸರಿಯುತ್ತೇನೆ. ಇವರ ಮಟ್ಟಿಗೆ ಅದನ್ನು ಕೆಳಗಿನ ಮೊತ್ತದಲ್ಲಿ ಸೇರಿಸುವುದೇ ಸರಿ. ಇನ್ನೊಂದು. ಆ ಹಳೇ ಪಂಪುಗಳು ವೆಚ್ಚಕ್ಕಿಂತ ಕಮ್ಮಿಗೆ ಹೋಗುವ ಹಾಗಿದ್ದರೆ ಲೆಕ್ಕದಲ್ಲಿ ಬೆಲೆ ಇಳಿಸಿ ಬರೆಯಬೇಕು. ಇಳಿಸಿದ್ದಾರಾ ಅಂತ ಸ್ಟಾಕಿನ ನೋಟ್ ನೋಡಿ. ಇಳಿಸದಿದ್ದರೆ 1.62 ಕೂಡ ನಿಲ್ಲುವುದಿಲ್ಲ.

ಬಿಕಾಂ ಹುಡುಗ

ಅಣ್ಣ, ಹಾಗಾದರೆ ಕೊನೆಗೂ ಆರ್ಡರ್ ಬೇಡ ಅಂದಿರಾ?

ಪೀಣ್ಯ ಲೇತ್

ಇಲ್ಲಪ್ಪ. ಎರಡು ಮಷೀನು ಖಾಲಿ ಇವೆ, ಸುಲಭವಾಗಿ ಬೇಡ ಅನ್ನಲು ಆಗಲ್ಲ. ಹೊಸ ಮಾಡೆಲ್ ಓಡುತ್ತಿದೆ ಅನ್ನುವುದೂ ನಿಜ, ನನ್ನ ಶಾಫ್ಟ್ ಅದಕ್ಕೇ. ಹೀಗೆ ಹೇಳಿದ್ದೇನೆ. ಸ್ಟೀಲ್ ನೀವೇ ಕಳಿಸಿ, ನಾನು ಬರೀ ಜಾಬ್ ವರ್ಕ್ ಮಾಡಿಕೊಡುತ್ತೇನೆ. ಆಗ ತಿಂಗಳ ಬಿಲ್ಲು 6 ಲಕ್ಷದ ಬದಲು ಎರಡೂಕಾಲು ಲಕ್ಷ ಆಗುತ್ತದೆ. 45 ದಿನ. ಮೊದಲ ಬಿಲ್ಲಿನ ದುಡ್ಡು ಬರುವವರೆಗೆ ಮೂರನೇ ಲಾಟ್ ಕಳಿಸಲ್ಲ.

ಪರ್ಚೇಸ್ ಮ್ಯಾನೇಜರ್ ಜಾಬ್ ವರ್ಕ್ ಒಪ್ಪಿದರು. 45 ದಿನದ ವಿಷಯ ಅಕೌಂಟ್ಸ್ ಜೊತೆ ಮಾತಾಡಿ ಸೋಮವಾರ ಹೇಳುತ್ತೇನೆ ಅಂದಿದ್ದಾರೆ.

ಹಳೇ ಕ್ರೆಡಿಟ್ ಆಫೀಸರ್

ಸ್ಟೀಲ್ ಅವರದ್ದೇ ಆಗಿದ್ದು ಒಳ್ಳೆಯದಾಯಿತು. ಅದು ನಿಮ್ಮ ಶಾಪಿನಲ್ಲಿರುವಾಗ ಡೆಲಿವರಿ ಚಲನ್ ಸರಿಯಾಗಿ ಇಟ್ಟುಕೊಳ್ಳಿ. ಸೋಮವಾರ ಏನು ಹೇಳಿದರು ಅಂತ ಇಲ್ಲಿ ಬರೆಯಿರಿ. ಡೈರೆಕ್ಟರ್ ಸಾಲದ ವಿಷಯ ಕೇಳಿದಿರಾ?

ಪೀಣ್ಯ ಲೇತ್

ಕೇಳುವ ಧೈರ್ಯ ಆಗಲಿಲ್ಲ ಸರ್. ಹೊಸ ಪರಿಚಯ. ಅದನ್ನು ಯಾರ ಹತ್ತಿರ, ಹೇಗೆ ಕೇಳುವುದು?